ಒಂದು ‘ಆಪ್ರೆ’ಯಿಂದ ತಪ್ಪಿದ ರೈಲು: ಫ್ರೆಂಚಿನಲ್ಲಿ ದಾರಿ ಬರೆಯುವಾಗ ಕಲಿತದ್ದು

ಬೆಂಗಳೂರಿನ ಪ್ರವಾಸ ಸಂಸ್ಥೆಯೊಂದರ ಫ್ರೆಂಚ್ ವಿಭಾಗದಲ್ಲಿ ನನಗೆ ಕೆಲಸ. ಪ್ಯಾರಿಸ್ಸಿನ ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಬೇರೆ ಊರಿನ ರೈಲು ಹಿಡಿಯಬೇಕಾದ ಫ್ರೆಂಚ್ ಭಾಷಿಕ ಪ್ರಯಾಣಿಕರಿಗೆ ದಾರಿಯ ವಿವರವನ್ನು ಬರೆದು ಕಳಿಸುವುದು ಅದರಲ್ಲೊಂದು ಭಾಗ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಡಕಾರ್‌ನಿಂದ ಬಂದು ಬೋರ್ದೋಗೆ ಹೋಗಬೇಕಿದ್ದ ಒಬ್ಬ ಹಿರಿಯರಿಗೆ ನಾನು ದಾರಿ ಬರೆದು ಕಳಿಸಿದ್ದೆ. ಅವರು ಪ್ಯಾರಿಸ್ಸಿನ ಉಪನಗರ ರೈಲು ಜಾಲವಾದ ಆರ್‌ಇಆರ್‌ನ ಬಿ ಮಾರ್ಗದ ರೈಲಿನಲ್ಲಿ ಗಾರ್ ದ್ಯು ನೋರ್ ನಿಲ್ದಾಣಕ್ಕೆ ಬಂದು, ಅಲ್ಲಿ ಇಳಿದು, ಮೆಟ್ರೋದ 4ನೇ ಮಾರ್ಗ ಹಿಡಿದು, ಬೋರ್ದೋ ರೈಲು ಹೊರಡುವ ಮೋಂಪಾರ್ನಾಸ್ ನಿಲ್ದಾಣ ತಲುಪಬೇಕಿತ್ತು. ನನ್ನ ಮನಸ್ಸಿನಲ್ಲಿದ್ದ ಕನ್ನಡ ವಾಕ್ಯ ‘ಗಾರ್ ದ್ಯು ನೋರ್ ಬಂದ ಮೇಲೆ ಇಳಿಯಿರಿ’ ಎಂಬುದಾಗಿತ್ತು. ‘ಮೇಲೆ’ ಎಂಬುದಕ್ಕೆ ನನಗೆ ಗೊತ್ತಿದ್ದದ್ದು ‘ಆಪ್ರೆ’ ಒಂದೇ ಆದ್ದರಿಂದ, ‘ಆಪ್ರೆ ಲಾ ಗಾರ್ ದ್ಯು ನೋರ್, ದೆಸಾಂದೆ’ ಎಂದು ಬರೆದೆ. ‘ಬಂದ’ ಎಂಬ ಕ್ರಿಯಾಪದ ಅಲ್ಲಿ ಕಳೆದುಹೋಯಿತು. ಫ್ರೆಂಚ್ ಓದುಗರಿಗೆ ಆ ವಾಕ್ಯದ ಅರ್ಥ, ಆ ನಿಲ್ದಾಣ ದಾಟಿದ ನಂತರ ಇಳಿಯಿರಿ ಎಂದು. ಆ ಹಿರಿಯರು ನಾನು ಬರೆದಂತೆಯೇ ನಡೆದುಕೊಂಡು ಮುಂದಿನ ನಿಲ್ದಾಣವಾದ ಶಾತ್ಲೆ–ಲೇ ಆಲ್‌ನಲ್ಲಿ ಇಳಿದರು. ಅಲ್ಲಿಯೂ 4ನೇ ಮಾರ್ಗ ಸಿಗುತ್ತದೆ, ಆದರೆ ಮೂರು ಆರ್‌ಇಆರ್ ಮಾರ್ಗಗಳೂ ಹಲವು ಮೆಟ್ರೋಗಳೂ ಕೂಡುವ ಆ ನೆಲದಡಿಯ ಸಂಕೀರ್ಣದಲ್ಲಿ ಎರಡು ಸೂಟ್‌ಕೇಸ್ ಎಳೆದುಕೊಂಡು ಬೋರ್ಡು ಹುಡುಕುವಷ್ಟರಲ್ಲಿ ಅವರ ರೈಲು ಹೊರಟುಹೋಗಿತ್ತು. ತಪ್ಪು ಪೂರ್ತಿಯಾಗಿ ನನ್ನದೇ.

ಆ ನಂತರ ನಾನು ನನ್ನ ಹಳೆಯ ಪತ್ರಗಳನ್ನೆಲ್ಲ ತೆಗೆದು ಓದಿದೆ. ಕನ್ನಡದಲ್ಲಿ ‘ಇಳಿದು, ಹತ್ತಿ, ದಾಟಿ, ತಲುಪಿ’ ಎಂದು ಕ್ರಿಯಾಪದದ ರೂಪವೇ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಹೇಳಿಬಿಡುವುದರಿಂದ, ನಾವು ಹತ್ತು ಹೆಜ್ಜೆಗಳನ್ನು ಒಂದೇ ವಾಕ್ಯದಲ್ಲಿ ಪೋಣಿಸಿದರೂ ಯಾರೂ ದಾರಿ ತಪ್ಪುವುದಿಲ್ಲ. ಫ್ರೆಂಚಿನ ಸೂಚನೆಗಳಲ್ಲಿ ಸಾಮಾನ್ಯವಾಗಿ ಪ್ರತಿ ಹೆಜ್ಜೆಗೂ ತನ್ನದೇ ಆದ ‘ಹೋಗಿ, ಇಳಿಯಿರಿ’ ಎಂಬಂಥ ಆಜ್ಞಾರೂಪ ಇರುತ್ತದೆ. ಅವುಗಳ ನಡುವಿನ ಕ್ರಮವನ್ನು ಹೇಳುವ ಹೊಣೆ ‘ಮೊದಲು’ ಎನ್ನುವ ‘ದಾಬೋರ್’, ‘ಆಮೇಲೆ’ ಎನ್ನುವ ‘ಆಂಸ್ವಿತ್’ ಮತ್ತು ‘ಪ್ವಿ’, ‘ಕೊನೆಯದಾಗಿ’ ಎನ್ನುವ ‘ಆಂಫ್ಯಾಂ’ ಎಂಬ ಪದಗಳ ಮೇಲೆ ಬೀಳುತ್ತದೆ. ನಾನು ಅವೆಲ್ಲದರ ಜಾಗದಲ್ಲಿ ‘ಆಪ್ರೆ’ಯನ್ನೇ ತುಂಬಿದ್ದೆ.

ಅದೇ ಪತ್ರವನ್ನು ಈಗ ಹೀಗೆ ಬರೆಯುತ್ತೇನೆ. ‘ದಾಬೋರ್’ ಎಂದು ಆರಂಭಿಸಿ, ಆರ್‌ಇಆರ್ ಬಿ ಹತ್ತಿ ಗಾರ್ ದ್ಯು ನೋರ್‌ನಲ್ಲಿ ಇಳಿಯಿರಿ ಎನ್ನುತ್ತೇನೆ. ಇಳಿಯುವ ಜಾಗಕ್ಕೆ ‘ಆಪ್ರೆ’ ಅಲ್ಲ, ‘ಆ’ ಎಂಬ ಸ್ಥಳಸೂಚಕ ಪದವನ್ನೇ ಬಳಸುತ್ತೇನೆ. ಹೊಸ ಹಂತ ಶುರುವಾಗುವಲ್ಲಿ ‘ಆಂಸ್ವಿತ್’ ಬರುತ್ತದೆ: ಬಾನ್ಯೊ–ಲ್ಯುಸಿ ಓಬ್ರಾಕ್ ಕಡೆಗೆ ಹೋಗುವ 4ನೇ ಮಾರ್ಗವನ್ನು ಹಿಡಿಯಿರಿ. ಅದೇ ಹಂತದೊಳಗೆ ಬೆನ್ನಿಗೇ ಬರುವ ಕೆಲಸಕ್ಕೆ, ಅಂದರೆ ಮೋಂಪಾರ್ನಾಸ್‌ನಲ್ಲಿ ಇಳಿಯುವುದಕ್ಕೆ, ಚಿಕ್ಕದಾದ ‘ಪ್ವಿ’ ಸಾಕು. ‘ಆಂಸ್ವಿತ್’ ಕ್ರಿಯಾಪದದ ನಂತರವೂ ನಿಲ್ಲಬಲ್ಲದು, ‘ಪ್ವಿ’ ಮಾತ್ರ ಆಜ್ಞೆಯ ಮೊದಲೇ ಬರಬೇಕು. ಕೊನೆಯ ಹೆಜ್ಜೆಯಾದ, ಫಲಕದಲ್ಲಿ ಪ್ಲಾಟ್‌ಫಾರ್ಮ್ ಸಂಖ್ಯೆ ನೋಡಿಕೊಳ್ಳುವುದಕ್ಕೆ ‘ಆಂಫ್ಯಾಂ’.

ಇಲ್ಲಿ ನಾನು ಹಿಂದೆ ‘ಫಿನಾಲ್ಮಾಂ’ ಎಂದು ಬರೆಯುತ್ತಿದ್ದೆ. ನಮ್ಮ ವಿಭಾಗದ ಹಿರಿಯ ಮೇಡಂ ಒಮ್ಮೆ ಅದರ ಕೆಳಗೆ ಗೆರೆ ಎಳೆದು, “ಇದನ್ನು ಓದಿದವರು ನೀವು ಯೋಜನೆ ಬದಲಿಸಿದಿರಿ ಅಂದುಕೊಳ್ಳುತ್ತಾರಮ್ಮ” ಎಂದರು. ಅವರು ಹೇಳಿದ್ದು ಸರಿ. ಆ ಪದಕ್ಕೆ ಎಷ್ಟೋ ಕಡೆ ‘ಯೋಚಿಸಿ ನೋಡಿದ ಮೇಲೆ, ಕೊನೆಗೆ ಹೀಗೆ ಮಾಡೋಣ’ ಎಂಬ ಧ್ವನಿಯಿದೆ. ‘ಫಿನಾಲ್ಮಾಂ, 4ನೇ ಮಾರ್ಗ ಹಿಡಿಯಿರಿ’ ಎಂದರೆ, ಅದಕ್ಕೆ ಮುಂಚೆ ಹೇಳಿದ್ದನ್ನು ಬಿಟ್ಟುಬಿಡಿ ಎಂದೂ ಅರ್ಥವಾಗಬಹುದು.

ಇನ್ನೊಂದು ತೊಡಕು ಎದುರಾಗುವುದು ಮರಳಿ ಬರುವ ದಾರಿಯಲ್ಲಿ. ಉತ್ತರಕ್ಕೆ ಹೋಗುವ ಆರ್‌ಇಆರ್ ಬಿ, ಓನೆ-ಸು-ಬ್ವಾ ಬಳಿ ಕವಲೊಡೆದು, ಒಂದು ವಿಮಾನ ನಿಲ್ದಾಣಕ್ಕೂ ಇನ್ನೊಂದು ಮಿತ್ರಿ–ಕ್ಲೇಗೂ ಹೋಗುತ್ತದೆ. ‘ಗಮ್ಯಸ್ಥಾನವನ್ನು ನೋಡಿಕೊಂಡ ಬಳಿಕ ರೈಲು ಹತ್ತಿ’ ಎಂಬುದನ್ನು ಫ್ರೆಂಚಿನಲ್ಲಿ ‘ಹತ್ತಿ’ ಎಂಬುದನ್ನು ಮೊದಲಿಟ್ಟು, ‘ಮಾಡಿದ ಬಳಿಕ’ ಎಂಬರ್ಥ ಕೊಡುವ ‘ಆಪ್ರೆ ಆವ್ವಾರ್’ ಎಂಬ ರೂಪವನ್ನು ಕೊನೆಗಿಟ್ಟು ಬರೆದರೆ ವ್ಯಾಕರಣದ ತಪ್ಪೇನೂ ಇಲ್ಲ. ಆದರೆ ಫೋನು ನೋಡುತ್ತ ನಡೆಯುವವರು ‘ಹತ್ತಿ’ ಎಂಬುದನ್ನು ಓದಿದ ಕೂಡಲೇ ಹತ್ತಿಬಿಡಬಹುದು, ಎಚ್ಚರಿಕೆ ಕಣ್ಣಿಗೆ ಬೀಳುವುದು ಬಾಗಿಲು ಮುಚ್ಚಿದ ಮೇಲೆ. ಆದ್ದರಿಂದ ಮಾಡುವ ಕ್ರಮದಲ್ಲೇ ಬರೆಯುತ್ತೇನೆ: ‘ದಾಬೋರ್’ ಎಂದು ಫಲಕ ನೋಡಲು ಹೇಳಿ, ಮಿತ್ರಿ ಎಂದಿದ್ದರೆ ಮುಂದಿನ ರೈಲಿಗೆ ಕಾಯಲು ತಿಳಿಸಿ, ಆಮೇಲಷ್ಟೇ ‘ಆಂಸ್ವಿತ್’ ಎಂದು ಹತ್ತಲು ಹೇಳುತ್ತೇನೆ.