ಮೈಲುತುತ್ತಿನ ಬಿಲ್ಲೂ ಸ್ಟಾರ್ ಸ್ಕೀಮಾವೂ

ಕಾಸರಗೋಡಿನ ಬದಿಯಡ್ಕದಲ್ಲಿ ಕೃಷಿ ಸಾಮಾನಿನ ಅಂಗಡಿ, ಕುಂಬಳೆ ಮತ್ತು ಮುಳ್ಳೇರಿಯದಲ್ಲಿ ಅದರ ಶಾಖೆಗಳು. ಧಣಿಗಳು ಕೇಳಿದ್ದು ಒಂದೇ ಪ್ರಶ್ನೆ: "ಅಡಿಕೆಗೆ ಮದ್ದು ಬಿಡುವ ಸಮಯದಲ್ಲಿ ಯಾವ ಅಂಗಡಿಯಿಂದ ಮೈಲುತುತ್ತು ಎಷ್ಟು ಹೋಗ್ತದೆ? ಅದರಲ್ಲಿ ಗಡಿಯಾಚೆ ಕರ್ನಾಟಕದ ವಿಟ್ಲ, ಅಡ್ಯನಡ್ಕ ಕಡೆಯವರು ಕೊಂಡದ್ದೆಷ್ಟು?"

ಬಿಲ್ಲಿಂಗ್ ಸಾಫ್ಟ್‌ವೇರ್ ಬಿಲ್ಲು ಹೊಡೆಯುವುದರಲ್ಲಿ ಚುರುಕು, ಇಂಥ ಪ್ರಶ್ನೆಗೆ ಬಾಯಿ ಬಿಡುವುದಿಲ್ಲ. ಅದಕ್ಕೇ ಮಾರಾಟದ ಲೆಕ್ಕಕ್ಕೊಂದು ಬೇರೆ ಡೇಟಾ ವೇರ್‌ಹೌಸ್ ಮಾಡುವುದೆಂದಾಯಿತು. ಲೆಕ್ಕ ಬರೆಯುವ ಅಣ್ಣನೂ ನಾನೂ ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬಿಡಿಸಲು ಕೂತೆವು. ಧಣಿಗಳ ಪ್ರಶ್ನೆಯೇ ಅರ್ಧ ದಾರಿ ತೋರಿಸಿತ್ತು. "ಎಷ್ಟು" ಎಂಬುದು ನಡುವಿನ ಫ್ಯಾಕ್ಟ್ ಟೇಬಲಿಗೆ. ಯಾವಾಗ, ಯಾವುದು, ಎಲ್ಲಿ, ಯಾರಿಗೆ ಎಂಬವು ಸುತ್ತಲಿನ ಡೈಮೆನ್ಶನ್ ಟೇಬಲುಗಳಿಗೆ. ನಡುವೆ ಒಂದು, ಸುತ್ತ ನಾಲ್ಕು: ನಕ್ಷತ್ರದ ಹಾಗೆ ಕಾಣುವ ಈ ನಕ್ಷೆಗೇ ಸ್ಟಾರ್ ಸ್ಕೀಮಾ ಎನ್ನುತ್ತಾರೆ.

ಪೆಟ್ಟಿಗೆ ಬರೆಯುವ ಮೊದಲು ಇತ್ಯರ್ಥವಾಗಬೇಕಾದ ಒಂದು ಮಾತಿತ್ತು: ನಡುವಿನ ಟೇಬಲಿನ ಒಂದು ಸಾಲು ಎಂದರೇನು? ಇದನ್ನೇ ಗ್ರೇನ್ ಎನ್ನುತ್ತಾರೆ. ಬಿಲ್ಲಿಗೊಂದು ಸಾಲು ಇಟ್ಟರೆ ಮೈಲುತುತ್ತು ಸುಣ್ಣದ ಜೊತೆ ಬೆರೆತು ಹೋಗುತ್ತದೆ. ಆದ್ದರಿಂದ ಬಿಲ್ಲಿನ ಒಂದೊಂದು ಐಟಮಿಗೂ ಒಂದು ಸಾಲು.

```
fact_sales(date_key, product_key, branch_key,
           customer_key, bill_no, qty, amount)
```

ಹೆಸರಿನ ಕೊನೆಗೆ key ಇರುವವು ಸುತ್ತಲಿನ ಟೇಬಲಿನ ಯಾವ ಸಾಲು ಎಂದು ತೋರಿಸುವ ನಂಬರುಗಳು. ಬಿಲ್ ನಂಬರಿಗೆ ಪ್ರತ್ಯೇಕ ಟೇಬಲ್ ಬೇಡ. ತಾರೀಕು, ಗಿರಾಕಿ, ಶಾಖೆ ಎಲ್ಲ ಬೇರೆ ಕಡೆ ಹೋದ ಮೇಲೆ ಅದರ ಬಗ್ಗೆ ಹೇಳಲು ಏನೂ ಉಳಿಯುವುದಿಲ್ಲ.

"ದರ ಎಲ್ಲಿ ಮಾರಾಯ್ರೆ? ಅದೂ ಲೆಕ್ಕವೇ ಅಲ್ವಾ?" ಎಂದರು ಅಣ್ಣ. ನ್ಯಾಯವಾದ ಪ್ರಶ್ನೆ. ಆದರೆ ಅಂಕಿ ಕಂಡ ಕೂಡಲೇ ಅದನ್ನು ನಡುವಿಗೆ ತಳ್ಳುವ ಹಾಗಿಲ್ಲ. ಕೂಡಿಸಿದರೆ ಅರ್ಥ ಉಳಿಯುತ್ತದೆಯೇ ಎಂದು ನೋಡಬೇಕು. ಒಂದು ಬಿಲ್ಲಿನಲ್ಲಿ ಕಿಲೋಗೆ 300, ಇನ್ನೊಂದರಲ್ಲಿ 310 ಇದ್ದರೆ, 610 ಯಾವುದರ ದರವೂ ಅಲ್ಲ. ಪ್ರಮಾಣವನ್ನೂ ಮೊತ್ತವನ್ನೂ ಇಟ್ಟುಕೊಂಡರೆ ಸರಾಸರಿ ದರ ಬೇಕಾದಾಗ ಭಾಗಿಸಿ ತೆಗೆಯಬಹುದು. ಚೀಲ 25 ಕಿಲೋದ್ದು ಎಂಬುದೂ ಅಂಕಿಯೇ, ಆದರೆ ಅದು ಮಾರಾಟದ ಗುಣವಲ್ಲ, ಸಾಮಾನಿನ ಗುಣ. ಅದರ ಜಾಗ ಪ್ರಾಡಕ್ಟ್ ಡೈಮೆನ್ಶನ್.

ನಿಜವಾಗಿ ತಲೆ ತಿಂದದ್ದು ಬಿಲ್ಲಿನ ಕೊನೆಗೆ ಬರುವ ವ್ಯಾನ್ ಬಾಡಿಗೆ. ಒಂದು ಬಿಲ್ಲನ್ನೇ ತೆಗೆದು ನೋಡಿದೆವು: ಮೈಲುತುತ್ತು 6,000, ಸುಣ್ಣ 1,200, ಹೋಸ್ ಪೈಪ್ 2,800, ಬಾಡಿಗೆ 300. ಬಾಡಿಗೆಯನ್ನು ಮೂರು ಸಾಲಿಗೂ ಹಾಗೇ ಬರೆದರೆ ಮೊತ್ತ ಕೂಡಿಸುವಾಗ 300 ಹೋಗಿ 900 ಆಗುತ್ತದೆ. ಒಂದೇ ಐಟಮಿನ ಬಿಲ್ಲುಗಳಲ್ಲಿ ಇದು ಸರಿಯಾಗಿಯೇ ಕಾಣುವುದರಿಂದ ಪರೀಕ್ಷೆಗೆ ಸಣ್ಣ ಬಿಲ್ಲು ತೆಗೆದುಕೊಂಡವರಿಗೆ ಗೊತ್ತೇ ಆಗುವುದಿಲ್ಲ.

ಬೆಲೆಯ ಪ್ರಕಾರ ಹಂಚಿದರೆ 180, 36, 84, ಮೊತ್ತ ಸರಿ. ಅಣ್ಣ ಒಪ್ಪಲಿಲ್ಲ. "ಸುಣ್ಣಕ್ಕೆ ಮೂವತ್ತಾರು ರೂಪಾಯಿಯಾ? ವ್ಯಾನಿನಲ್ಲಿ ಭಾರ ಇರುವುದೇ ಅದು!" ಅವರ ಮಾತು ಸರಿ: ಅಗ್ಗದ ಭಾರವಾದ ಸಾಮಾನಿಗೆ ಈ ಹಂಚಿಕೆಯಲ್ಲಿ ಸಾಗಾಟ ಪುಕ್ಕಟೆ ಎಂಬಂತೆ ಕಾಣುತ್ತದೆ. ತೂಕದ ಪ್ರಕಾರ ಹಂಚೋಣವೆಂದರೆ ಪೈಪನ್ನು ಮಾರುವುದು ಮೀಟರ್ ಲೆಕ್ಕದಲ್ಲಿ. ಅದರ ತೂಕ ಎಲ್ಲಿಯೂ ಬರೆದಿಲ್ಲ. ಸುಳ್ಳು ಹಂಚಿಕೆಗಿಂತ ಹಂಚದಿರುವುದೇ ಮೇಲೆಂದು ಬಾಡಿಗೆಗೆ `fact_freight` ಎಂಬ ಎರಡನೇ ಫ್ಯಾಕ್ಟ್ ಟೇಬಲ್ ಬರೆದೆವು. ಅಲ್ಲಿ ಬಿಲ್ಲಿಗೊಂದು ಸಾಲು. ತಾರೀಕು, ಶಾಖೆ, ಗಿರಾಕಿಗಳ ಡೈಮೆನ್ಶನ್ ಎರಡಕ್ಕೂ ಒಂದೇ. ಪ್ರಾಡಕ್ಟಿನ ಗೆರೆ ಮಾತ್ರ ಇದಕ್ಕೆ ಇಲ್ಲ. ಸುಣ್ಣದ ಸಾಗಾಟಕ್ಕೆ ಎಷ್ಟಾಯಿತೆಂದು ಇನ್ನು ಕೇಳುವ ಹಾಗಿಲ್ಲ, ಶಾಖೆಯ ಬಾಡಿಗೆ ಕೇಳಬಹುದು. ಎರಡು ಫ್ಯಾಕ್ಟ್ ಟೇಬಲನ್ನು ಬಿಲ್ ನಂಬರಿನಿಂದ ನೇರ ಜೋಡಿಸಿದರೆ ಅದೇ 900 ಹಿಂಬಾಗಿಲಿನಿಂದ ಬರುತ್ತದೆ. ಬೇರೆ ಬೇರೆ ಕೂಡಿಸಿ, ಆಮೇಲೆ ಶಾಖೆಯ ಹೆಸರಿನಲ್ಲಿ ಪಕ್ಕ ಪಕ್ಕ ಇಡಬೇಕು.

ತಾರೀಕಿನ ಟೇಬಲ್ ಮಾಡುವುದೇ ನನಗೆ ಖುಷಿ ಕೊಟ್ಟ ಕೆಲಸ. ಹತ್ತು ವರ್ಷಕ್ಕೂ ನಾಲ್ಕು ಸಾವಿರ ಸಾಲು ದಾಟದ ಟೇಬಲ್ ಅದು. ಏಪ್ರಿಲಿನಿಂದ ಶುರುವಾಗುವ ಹಣಕಾಸು ವರ್ಷದ ಪಕ್ಕದಲ್ಲಿ "ಮೊದಲ ಮದ್ದು", "ಎರಡನೇ ಮದ್ದು" ಎಂಬ ಕಾಲಮ್ಮೂ ಬಂತು. ಮಳೆ ಹಿಂದೆ ಮುಂದೆ ಆದ ವರ್ಷ ಆ ಗಡಿಯನ್ನು ಇಲ್ಲೊಂದೇ ಕಡೆ ತಿದ್ದಿದರಾಯಿತು, ಮಾರಾಟದ ಸಾಲು ಮುಟ್ಟಬೇಕಿಲ್ಲ.

ಉಳಿದದ್ದು ಕೌಂಟರಿನಲ್ಲಿ ನಗದು ಕೊಟ್ಟು ಹೋಗುವವರು. ಅವರ ಹೆಸರಿಲ್ಲವೆಂದು ಗಿರಾಕಿಯ ಕೀ ಖಾಲಿ ಬಿಟ್ಟರೆ ಗಿರಾಕಿಗಳ ಟೇಬಲಿನ ಜೊತೆ ಜಾಯಿನ್ ಮಾಡಿದಾಗ ಆ ಸಾಲುಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ. ಹಿಡಿಯುವುದು ಹೀಗೆ:

```sql
SELECT SUM(amount) FROM fact_sales;
SELECT SUM(s.amount) FROM fact_sales s
JOIN dim_customer c
  ON s.customer_key = c.customer_key;
```

ಎರಡನೆಯದು ಕಡಿಮೆ ಬಂದರೆ ಯಾರೋ ಕೀ ಇಲ್ಲದೆಯೋ, ಗಿರಾಕಿಗಳ ಟೇಬಲಿನಲ್ಲಿಲ್ಲದ ಕೀ ಹಿಡಿದೋ ಒಳಗೆ ಬಂದಿದ್ದಾರೆಂದೇ ಅರ್ಥ. ಗಿರಾಕಿಗಳ ಟೇಬಲಿನಲ್ಲಿ 0 ನಂಬರಿಗೆ "ಕೌಂಟರ್ ಗಿರಾಕಿ" ಎಂದು ಒಂದು ಸಾಲು ಬರೆದು, ಹೆಸರಿಲ್ಲದ ಮಾರಾಟಕ್ಕೆಲ್ಲ ಆ 0 ಕೀಯನ್ನೇ ಕೊಟ್ಟೆವು. ಊರು, ರಾಜ್ಯದ ಕಾಲಮ್ಮಿನಲ್ಲಿ "ಗೊತ್ತಿಲ್ಲ". ಅಡ್ಯನಡ್ಕದವರು ನಗದು ಕೊಟ್ಟು ಕೊಂಡದ್ದೂ ಅದರೊಳಗೇ ಸೇರುವುದರಿಂದ, ಧಣಿಗಳ ಎರಡನೇ ಪ್ರಶ್ನೆಗೆ "ಕಡಿಮೆಯೆಂದರೆ ಇಷ್ಟು" ಎಂದಷ್ಟೇ ಹೇಳಬಹುದು.