ರಾಜೀನಾಮೆ ಪತ್ರಕ್ಕಿಂತ ಮೊದಲು ಕೊನೆಯ ದಿನ ಲೆಕ್ಕ ಹಾಕಿ

ಪೇರೋಲ್ ವಿಭಾಗದಲ್ಲಿ ಕೂತವರಿಗೆ ಕೆಲಸ ಬಿಡುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ, ಎಲ್ಲಾ ಹಿಡಕೊಂಡು ಕೈಗೆ ಎಷ್ಟು ಬರ್ತೈತ್ರಿ?" ಅಷ್ಟೊತ್ತಿಗೆ ರಾಜೀನಾಮೆ ಕೊಟ್ಟಾಗಿರುತ್ತದೆ, ಹೊಸ ಕಂಪನಿಗೆ ಸೇರುವ ತಾರೀಖೂ ಒಪ್ಪಿಯಾಗಿರುತ್ತದೆ. ಗ್ರಾಚ್ಯುಟಿ, ರಜೆ ನಗದು, ನೋಟಿಸ್ ಕಡಿತ ಮೂರನ್ನೂ ತೀರ್ಮಾನಿಸುವುದು ಕೊನೆಯ ಕೆಲಸದ ದಿನ. ಆ ತಾರೀಖು ಒಪ್ಪುವ ಮೊದಲೇ ಈ ಲೆಕ್ಕ ಆಗಬೇಕು.

ಒಂದು ಉದಾಹರಣೆ ಹಿಡಿಯೋಣ. ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಯುನಿಟ್‌ನ ಸೂಪರ್‌ವೈಸರ್‌ಗೆ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಹೊಸ ಕೆಲಸ ಸಿಕ್ಕಿದೆ. ಈಗಿನ ಕಂಪನಿಗೆ ಸೇರಿದ್ದು 2018ರ ಆಗಸ್ಟ್ 1. ಒಟ್ಟು ಪಗಾರ 40,000 ರೂಪಾಯಿ, ಅದರಲ್ಲಿ ಬೇಸಿಕ್ ಮತ್ತು ಡಿಎ ಸೇರಿ 26,000. ನೋಟಿಸ್ ಅವಧಿ 60 ದಿನ, ಖಾತೆಯಲ್ಲಿ ಉಳಿದ ಗಳಿಕೆ ರಜೆ 18 ದಿನ. 2025ರ ಡಿಸೆಂಬರ್ 15ಕ್ಕೆ ಪತ್ರ ಕೊಟ್ಟರೆ, ಮರುದಿನದಿಂದ ಎಣಿಸಿ ನೋಟಿಸ್ ಮುಗಿಯುವುದು 2026ರ ಫೆಬ್ರವರಿ 13ಕ್ಕೆ. ಹೊಸ ಕಂಪನಿಯವರು ಮಾತ್ರ ಜನವರಿ 20ಕ್ಕೇ ಬನ್ನಿ ಅನ್ನುತ್ತಿದ್ದಾರೆ.

ಮೊದಲು ಗ್ರಾಚ್ಯುಟಿ. ಕೊನೆಯ ಬೇಸಿಕ್ ಮತ್ತು ಡಿಎ ಮೊತ್ತವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಇಲ್ಲಿ ವರ್ಷಕ್ಕೆ ಸರಿಯಾಗಿ 15,000 ರೂಪಾಯಿ. ಕೊನೆಯ ವರ್ಷದಲ್ಲಿ ಆರು ತಿಂಗಳಿಗಿಂತ ಹೆಚ್ಚು ಕೆಲಸ ಮಾಡಿದ್ದರೆ ಅದೂ ಪೂರ್ಣ ವರ್ಷ, ಇಲ್ಲದಿದ್ದರೆ ಆ ತಿಂಗಳುಗಳು ಲೆಕ್ಕಕ್ಕೇ ಬರುವುದಿಲ್ಲ. ಜನವರಿ 19ಕ್ಕೆ ಹೊರಟರೆ ಸೇವೆ 7 ವರ್ಷ 5 ತಿಂಗಳ ಚಿಲ್ಲರೆ, ಅಂದರೆ 7 ವರ್ಷ, ಸಿಗುವುದು 1,05,000. ಜನವರಿ 31ಕ್ಕೆ ಹೊರಟರೂ ಸರಿಯಾಗಿ ಆರು ತಿಂಗಳಷ್ಟೇ ಆಗುತ್ತದೆ, ಅದನ್ನು ದಾಟುವುದಿಲ್ಲ. ಫೆಬ್ರವರಿ 2ರ ಸೋಮವಾರ ಕೆಲಸ ಮಾಡಿ ಹೊರಟರೆ 8 ವರ್ಷ, 1,20,000. ಹದಿನಾಲ್ಕು ದಿನ ಮುಂದೆ ಹೋಗಿದ್ದಕ್ಕೆ ಒಂದು ವರ್ಷದ ಗ್ರಾಚ್ಯುಟಿ.

ಐದು ವರ್ಷದ ಗಡಿಯಲ್ಲಿರುವವರಿಗೆ ಇದು ಇನ್ನೂ ದೊಡ್ಡದು. ಕಾಯಂ ನೌಕರರಿಗೆ ಐದು ವರ್ಷದ ನಿರಂತರ ಸೇವೆ ಬೇಕು. ಐದನೇ ವರ್ಷದಲ್ಲಿ 240 ದಿನವಾದರೆ ಸಾಕು ಎಂಬ ತೀರ್ಪು ಇರುವುದು ನಿಜ, ಆದರೆ ಅದನ್ನು ನಂಬಿ ಹೊರಬಿದ್ದು ವಾದ ಮಾಡುವುದಕ್ಕಿಂತ ಐದು ವರ್ಷ ತುಂಬಿಸಿ ಹೊರಡುವುದೇ ಮೇಲು. ನೋಟಿಸ್‌ನಲ್ಲಿ ಕೆಲಸ ಮಾಡಿದ ದಿನಗಳು ಸೇವೆಗೆ ಸೇರುತ್ತವೆ. ಹಣ ಕಟ್ಟಿ ಬಿಡಿಸಿಕೊಂಡ ದಿನಗಳು ಸೇರುವುದಿಲ್ಲ.

ಬೇಸಿಕ್ ತೀರಾ ಕಡಿಮೆ ಇಟ್ಟು ಉಳಿದಿದ್ದನ್ನೆಲ್ಲ ಭತ್ಯೆ ಎಂದು ತೋರಿಸುವ ಕಂಪನಿಯಾದರೆ ಇನ್ನೊಂದು ವಿಷಯ ಕೇಳಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟಿನ ಅರ್ಧ ದಾಟಿದರೆ, ದಾಟಿದ ಭಾಗವನ್ನು ವೇತನಕ್ಕೆ ಸೇರಿಸಿಯೇ ಗ್ರಾಚ್ಯುಟಿ ಕಟ್ಟಬೇಕು. ನಮ್ಮ ಉದಾಹರಣೆಯಲ್ಲಿ ಬೇಸಿಕ್ ಅರ್ಧಕ್ಕಿಂತ ಹೆಚ್ಚಿದೆ, ಹಾಗಾಗಿ ಬದಲಾವಣೆ ಇಲ್ಲ.

ಈಗ ನೋಟಿಸ್. ಜನವರಿ 19ಕ್ಕೆ ಹೊರಟರೆ 25 ದಿನ ಕೊರತೆ. ಇದನ್ನು ಬೇಸಿಕ್ ಮೇಲೆ ಹಿಡಿಯುತ್ತಾರೋ ಒಟ್ಟು ಪಗಾರದ ಮೇಲೋ ಎಂಬುದು ನೇಮಕಾತಿ ಪತ್ರದಲ್ಲಿರುತ್ತದೆ. 30ರಿಂದ ಭಾಗಿಸಿದರೆ ಬೇಸಿಕ್ ಮೇಲೆ 21,667, ಒಟ್ಟು ಪಗಾರದ ಮೇಲೆ 33,333. ಪತ್ರದಲ್ಲಿ ಬರೀ 'ವೇತನ' ಎಂದಿದ್ದರೆ ಯಾವುದು ಎಂದು ಮೇಲ್‌ನಲ್ಲೇ ಕೇಳಿ, ಉತ್ತರ ಇಟ್ಟುಕೊಳ್ಳಿ. ಹೊಸ ಕಂಪನಿಯವರು ನೋಟಿಸ್ ಹಣ ನಾವು ಕೊಡುತ್ತೇವೆ ಅಂದರೂ ಅದು ಪಗಾರದಂತೆ ತೆರಿಗೆಗೆ ಒಳಪಟ್ಟು ಬರುತ್ತದೆ. ಕೈಬಿಟ್ಟ 15,000 ಗ್ರಾಚ್ಯುಟಿಯನ್ನು ಯಾರೂ ತುಂಬಿಕೊಡುವುದಿಲ್ಲ. ಅದಕ್ಕೇ ಈ ಸೂಪರ್‌ವೈಸರ್ ಹೊಸ ಕಂಪನಿಯ ಎಚ್‌ಆರ್ ಹತ್ತಿರ ಫೆಬ್ರವರಿ 3ರ ತಾರೀಖು ಕೇಳಬೇಕು. ಆಗ ಕೊರತೆ 11 ದಿನಕ್ಕೆ ಇಳಿಯುತ್ತದೆ, ಒಟ್ಟು ಪಗಾರದ ಮೇಲೆ ಹಿಡಿದರೂ 14,667.

ಹೆಚ್ಚಿನವರು ಬಿಟ್ಟುಕೊಡುವ ಹಣ ಇರುವುದು ರಜೆಯಲ್ಲಿ. ಅನೇಕ ಕಡೆ ರಜೆ ನಗದು ಕೊಡುವುದು ಬೇಸಿಕ್ ಮೇಲೆ, ನೋಟಿಸ್ ಹಿಡಿಯುವುದು ಒಟ್ಟು ಪಗಾರದ ಮೇಲೆ. ಇಲ್ಲಿ ಒಂದು ದಿನದ ರಜೆಗೆ 867 ರೂಪಾಯಿ, ಒಂದು ದಿನದ ನೋಟಿಸ್‌ಗೆ 1,333. ಎರಡನ್ನೂ ಬೇರೆ ಬೇರೆ ಕಟ್ಟಿದರೆ 18 ದಿನದ ರಜೆಗೆ 15,600 ಬಂದು, ಅದರಲ್ಲಿ 14,667 ಹೋಗಿ, ಉಳಿಯುವುದು 933. ಅದರ ಬದಲು 11 ದಿನದ ರಜೆಯನ್ನು ನೋಟಿಸ್ ಕೊರತೆಗೆ ಹೊಂದಿಸಿ ಎಂದು ಬರೆದುಕೊಟ್ಟರೆ ಕಡಿತವೇ ಇಲ್ಲ, ಉಳಿದ 7 ದಿನಕ್ಕೆ 6,067 ಸಿಗುತ್ತದೆ. ಇದಕ್ಕೆ ಕಂಪನಿ ಒಪ್ಪಬೇಕು, ಆದ್ದರಿಂದ ರಾಜೀನಾಮೆ ಪತ್ರದಲ್ಲೇ ಒಂದು ಸಾಲು ಹಾಕಿ: "ನೋಟಿಸ್ ಅವಧಿಯ ಕೊರತೆಯ ದಿನಗಳನ್ನು ನನ್ನ ಖಾತೆಯಲ್ಲಿರುವ ಗಳಿಕೆ ರಜೆಗೆ ಹೊಂದಿಸಬೇಕಾಗಿ ವಿನಂತಿ." ಹೀಗೆ ಹೊಂದಿಸಿದರೆ ರಿಲೀವಿಂಗ್ ತಾರೀಖು ಫೆಬ್ರವರಿ 2 ಆಗಿಯೇ ಉಳಿಯಬೇಕು. ರಜೆ ಮಂಜೂರು ಮಾಡಿ ರಿಲೀವಿಂಗ್ ತಾರೀಖನ್ನೇ ಮುಂದೆ ಹಾಕಿದರೆ ಎರಡು ಕಂಪನಿಯ ಪಿಎಫ್ ತಾರೀಖುಗಳು ಒಂದರ ಮೇಲೊಂದು ಬಿದ್ದು, ಮುಂದೆ ಪಿಎಫ್ ವರ್ಗಾವಣೆಗೆ ತೊಡಕಾಗುತ್ತದೆ.

ಫೈನಲ್ ಸೆಟ್ಲ್‌ಮೆಂಟ್ ಹಾಳೆ ಬಂದಾಗ ಒಟ್ಟು ಮೊತ್ತ ನೋಡಿ ಸಹಿ ಹಾಕಬೇಡಿ. ನೋಟಿಸ್ ಕಡಿತದ ಸಾಲು ಪಗಾರ ಮತ್ತು ರಜೆ ನಗದಿನ ಎದುರು ಇರಬೇಕು. ಗ್ರಾಚ್ಯುಟಿಯಿಂದ ನೋಟಿಸ್ ಹಣ ಮುರಿದುಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ. ಕಂಪನಿಗೆ ನಷ್ಟ ಮಾಡಿ ವಜಾ ಆದಂಥ ಪ್ರಕರಣಗಳಷ್ಟೇ ಬೇರೆ. ತೆರಿಗೆಯ ಸಾಲನ್ನೂ ನೋಡಿ. ಕೆಲಸ ಬಿಡುವಾಗ ಸಿಗುವ ರಜೆ ನಗದಿಗೆ ಜೀವಮಾನಕ್ಕೆ 25 ಲಕ್ಷದವರೆಗೆ, ಗ್ರಾಚ್ಯುಟಿಗೆ 20 ಲಕ್ಷದವರೆಗೆ ನಿಯಮಕ್ಕೆ ಒಳಪಟ್ಟು ವಿನಾಯಿತಿ ಇದೆ. ಸಾಫ್ಟ್‌ವೇರ್‌ನಲ್ಲಿ ರಜೆ ನಗದನ್ನು ಸೇವೆಯಲ್ಲಿರುವಾಗಿನದು ಎಂದು ಹಾಕಿಬಿಟ್ಟರೆ ಪೂರ್ತಿ ಮೊತ್ತಕ್ಕೆ ಟಿಡಿಎಸ್ ಬೀಳುತ್ತದೆ.

ಇನ್ನು ನಡುವಿನ ದಿನಗಳ ಖರ್ಚು. ಫೆಬ್ರವರಿ 2ಕ್ಕೆ ಬಿಟ್ಟು 3ಕ್ಕೆ ಸೇರಿದವರಿಗೆ ಕೆಲಸದಲ್ಲಿ ಒಂದು ದಿನವೂ ಖಾಲಿ ಇಲ್ಲ, ಆದರೆ ಬ್ಯಾಂಕ್ ಖಾತೆಯಲ್ಲಿ ಇದೆ. ಬಹಳ ಕಂಪನಿಗಳು ನೋಟಿಸ್‌ನ ಕೊನೆಯ ತಿಂಗಳ ಪಗಾರ ತಡೆದು ಸೆಟ್ಲ್‌ಮೆಂಟ್ ಜೊತೆಗೇ ಕೊಡುತ್ತವೆ. ಗ್ರಾಚ್ಯುಟಿಗೆ 30 ದಿನದ ಗಡುವು ಇದೆ, ಹೊಸ ಸಂಹಿತೆಯಲ್ಲಿ ಬಾಕಿ ವೇತನಕ್ಕೆ ಎರಡು ಕೆಲಸದ ದಿನ ಎಂದಿದೆ. ಆದರೂ ಮನೆ ಖರ್ಚನ್ನು ಆ ಗಡುವಿನ ಮೇಲೆ ನಿಲ್ಲಿಸಬೇಡಿ, 45 ದಿನ ಆದೀತು ಎಂದೇ ಹಿಡಿಯಿರಿ. ಅಂದರೆ ಡಿಸೆಂಬರ್ 31ರ ಪಗಾರದಲ್ಲಿ ಜನವರಿ ಸಾಗುತ್ತದೆ, ಜನವರಿ 31ಕ್ಕೆ ಏನೂ ಬರುವುದಿಲ್ಲ, ಹೊಸ ಪಗಾರ ಬಹುಶಃ ಮಾರ್ಚ್ 7ಕ್ಕೆ.

ಮನೆಯ ತಿಂಗಳ ಲೆಕ್ಕ ಹೀಗಿದೆ ಎನ್ನಿ: ಬಾಡಿಗೆ 9,000, ಬೈಕ್ ಕಂತು 6,500, ಕಿರಾಣಿ, ಹಾಲು, ಗ್ಯಾಸ್ 10,000, ಹೆಸ್ಕಾಂ ಬಿಲ್, ಮೊಬೈಲ್, ಪೆಟ್ರೋಲ್ 3,500, ಶಾಲೆಯ ವ್ಯಾನ್ 2,000, ಔಷಧ 1,000. ಫೆಬ್ರವರಿಗೆ 32,000. ಮಾರ್ಚ್ 7ಕ್ಕಿಂತ ಮೊದಲೇ ಬರುವ ಬಾಡಿಗೆ ಮತ್ತು ಕಂತು ಸೇರಿಸಿದರೆ 47,500. ಪತ್ರ ಕೊಡುವ ದಿನವೇ 50,000 ಪ್ರತ್ಯೇಕ ಖಾತೆಯಲ್ಲಿರಲಿ. ಅಷ್ಟಿಲ್ಲದಿದ್ದರೆ ಹೊಸ ಕಂಪನಿಯಲ್ಲಿ ಪೇರೋಲ್ ಕಟ್ಟುವ ತಾರೀಖು ಕೇಳಿ. 20ಕ್ಕೆ ಕಟ್ಟುವವರಿದ್ದರೆ ಅದರ ನಂತರ ಸೇರಿದವರಿಗೆ ಮೊದಲ ಪಗಾರ ಇನ್ನೊಂದು ತಿಂಗಳು ಮುಂದೆ ಹೋಗುತ್ತದೆ. ಹಳೆಯ ಸಂಬಳ ಖಾತೆಯಿಂದ ಕಂತು ಕತ್ತರಿಸುತ್ತಿದ್ದರೆ ಹೊಸ ಖಾತೆಗೆ ಮ್ಯಾಂಡೇಟ್ ಬದಲಾಗುವವರೆಗೆ ಪ್ರತಿ ತಿಂಗಳು 3ನೇ ತಾರೀಖಿನೊಳಗೆ ಆ 6,500 ಹಳೆಯ ಖಾತೆಯಲ್ಲೇ ಇರಬೇಕು.