ತೊಂಬತ್ತು ದಿನದಲ್ಲಿ ಲಾರಿ ಬಂದದ್ದು ಎಷ್ಟು ದಿನ?

“ಮೂರು ತಿಂಗ್ಳಾತು, ಇನ್ನೂ ತೇವಾಂಶ ನೋಡೋಕೆ ಬರಲ್ಲ ಅಂದ್ರೆ ಹೆಂಗಮ್ಮ?” ಎಂದರು ಸಾಹುಕಾರರು. ಗೋದಾಮಿಗೆ ಹೊಸದಾಗಿ ಸೇರಿದ ಹುಡುಗಿ ತಲೆ ತಗ್ಗಿಸಲಿಲ್ಲ. “ಸರ್, ಈ ಮೂರು ತಿಂಗ್ಳಲ್ಲಿ ಮೆಕ್ಕೆಜೋಳದ ಲಾರಿ ಬಂದಿದ್ದು ಐದೇ ವಾರ” ಎಂದಳು.

ಸೋಮವಾರದಿಂದ ಆ ಮಾತು ಕಿವಿಯಲ್ಲೇ ಇದೆ. ದಾವಣಗೆರೆಯ ಗೋದಾಮಿಗೆ ಆಗಸ್ಟ್‌ನಲ್ಲಿ ಸೇರಿದವರಿಗೆ ಮೊದಲೆರಡು ತಿಂಗಳು ಹಳೇ ಲೆಕ್ಕ, ಖಾಲಿ ಚೀಲ ಎಣಿಸುವುದು, ಅಷ್ಟೇ. ಕಲಿಕೆಯನ್ನು ಅಳೆಯಬೇಕಾದರೆ ದಿನವನ್ನಲ್ಲ, ಕೈಯಲ್ಲಿ ಹಾದುಹೋದ ಲಾರಿಗಳನ್ನು ಎಣಿಸಬೇಕು. ಸಾಹುಕಾರರು ಕೆಟ್ಟವರಲ್ಲ, ಆದರೆ ಕ್ಯಾಲೆಂಡರ್ ನಂಬುವವರು.

ದೂರು ಇದ್ದದ್ದು ಒಂದೇ: ಅವಳು ಬರೆದ ತೇವಾಂಶಕ್ಕೂ ಗೋದಾಮಿನಲ್ಲಿ ಮತ್ತೆ ನೋಡಿದ್ದಕ್ಕೂ ತಾಳೆಯಾಗುತ್ತಿರಲಿಲ್ಲ. ವಾದ ಬಿಟ್ಟು ಪರೀಕ್ಷೆಗೇ ಇಳಿದೆವು. ಒಂದು ಲಾರಿಯಿಂದ ಅವಳು ತೆಗೆದ ಮಾದರಿಯನ್ನೇ ಎರಡು ಪಾಲು ಮಾಡಿ ಅವಳಿಗೊಂದು, ಹಳೇ ಗುಮಾಸ್ತರಿಗೊಂದು ಕೊಟ್ಟೆವು. ಅವಳಿಗೆ ಬಂದದ್ದು ಶೇಕಡಾ 16.3, ಅವರಿಗೆ 16.4. ಅಂದರೆ ಮೀಟರ್ ಹಿಡಿಯುವುದು ಅವಳಿಗೆ ಚೆನ್ನಾಗಿ ಗೊತ್ತು. ಬಿಸಿಲಲ್ಲಿ ಬಂದ ಕಾಳು ತಣ್ಣಗಾದ ಮೇಲೆಯೇ ಅಳೆದಳು, ಮೂರು ಸಲ ನೋಡಿ ಸರಾಸರಿ ತೆಗೆದಳು.

ಆಮೇಲೆ ಅದೇ ಲಾರಿಯ ಚೀಲ ಇಳಿಸುತ್ತಾ ಮೇಲೆ, ನಡುವೆ, ತಳದಲ್ಲಿ ಹತ್ತು ಚೀಲಕ್ಕೆ ಚುಚ್ಚಿ ಮಾದರಿ ತೆಗೆಸಿದೆವು. ಬಂದದ್ದು 18.1. ಅವಳು ಕೈಗೆಟುಕುವ ಹಿಂಬದಿಯ ನಾಲ್ಕೇ ಚೀಲ ಚುಚ್ಚುತ್ತಿದ್ದಳು. ಕಣದಲ್ಲಿ ಚೆನ್ನಾಗಿ ಒಣಗಿದ್ದು ಅಲ್ಲಿತ್ತು, ಹಸಿ ಮಾಲು ಒಳಗಿತ್ತು. ನೂರು ಕ್ವಿಂಟಲ್ ಮಾಲನ್ನು 14ಕ್ಕೆ ಒಣಗಿಸಿದರೆ 16.3ರ ಲೆಕ್ಕದಲ್ಲಿ 97.3 ಕ್ವಿಂಟಲ್ ಉಳಿಯಬೇಕು, 18.1ರಲ್ಲಿ ಉಳಿಯುವುದು 95.2. ಎರಡು ಕ್ವಿಂಟಲ್ ಹೋಯಿತು. ಒಣಗಿಸದೆ ಒಟ್ಟಿದರೆ ಬೂಷ್ಟು ಹಿಡಿಯುವುದು ಬೇರೆ.

ಹತ್ತು ಚೀಲ ಚುಚ್ಚಬೇಕೆಂದು ಅವಳಿಗೆ ಯಾರು ಹೇಳಿದ್ದರು? ಕೇಳಿದರೆ ಗುಮಾಸ್ತರು ಹಮಾಲರ ಮುಖ ನೋಡಿದರು. ಮೂವತ್ತನೇ ದಿನ, ಅರವತ್ತನೇ ದಿನ ಒಮ್ಮೊಮ್ಮೆ ಕೂತು ಮಾತಾಡಿದ್ದರೆ ಸೀಸನ್ನಿಗೆ ಮೊದಲೇ ಇದು ತಿಳಿಯುತ್ತಿತ್ತು. ಇದನ್ನು ಅವಳ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಅವಳು ಮಾಡಿದ ಒಳ್ಳೆಯ ಕೆಲಸವನ್ನು ಯಾರೂ ಎತ್ತಿರಲಿಲ್ಲ. ರೈತರ ಎದುರಿಗೇ ಮೂರು ಸಲ ಅಳೆದು, ಮೂರನ್ನೂ ಚೀಟಿಯಲ್ಲಿ ಬರೆದುಕೊಡುತ್ತಾಳೆ. “ಈ ಹುಡುಗಿ ಇದ್ರೆ ಜಗಳ ಇಲ್ಲ” ಎಂದರು ಹಮಾಲರು. ಜಾಗಕ್ಕೆ ಹೊಂದುತ್ತಾಳೋ ಇಲ್ಲವೋ ಎನ್ನುವುದಕ್ಕೆ ನನಗೆ ಅಷ್ಟು ಸಾಕು.

ಕೊನೆಗೆ ಕಾಗದದಲ್ಲಿ ಹೀಗೆ ಬರೆದೆವು: ಇನ್ನು ಇಪ್ಪತ್ತು ಲಾರಿ, ಪ್ರತಿಯೊಂದರಲ್ಲೂ ಹತ್ತು ಚೀಲ, ಮರುಪರೀಕ್ಷೆಗೂ ಅವಳ ಅಂಕಿಗೂ ಅರ್ಧ ಅಂಶಕ್ಕಿಂತ, ಅಂದರೆ 0.5ಕ್ಕಿಂತ ಹೆಚ್ಚು ವ್ಯತ್ಯಾಸ ಬರಬಾರದು. ಸಾಹುಕಾರರು ಸಹಿ ಹಾಕಿದರು. ಅವಳು ಓದಿ, “ತಳದ ಚೀಲ ಬರೋವರೆಗೂ ಲಾರಿ ನಿಲ್ಸಕ್ಕೆ ಡ್ರೈವರ್‌ಗೆ ಯಾರು ಹೇಳ್ತಾರೆ ಸರ್?” ಎಂದಳು. ಅದನ್ನೂ ಸೇರಿಸಿದೆವು.